ರಾಮನ ಕಾಸು

ಹಳೆಯ ನಾಣ್ಯಗಳನ್ನು ಅಂತರ್ಜಾಲದಲ್ಲಿ ಮಾರತೊಡಗಿದ ಮೇಲೆ ನನ್ನ ಬಳಿಗೆ ಹೆಚ್ಚಾಗಿ ಬಂದದ್ದು ರಾಮನ ಕಾಸು. ಒಂದು ಬದಿಗೆ ರಾಮಪಟ್ಟಾಭಿಷೇಕ, ಇನ್ನೊಂದು ಬದಿಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಒಂದಾಣೆ, 1818. ಕಂಪನಿಯ ಟಂಕಸಾಲೆ ಇದನ್ನು ಎಂದೂ ಅಚ್ಚುಹಾಕಲಿಲ್ಲ. ಇದು ಪೂಜೆಗೆಂದು ಯಾರೋ ಮಾಡಿದ ಬಿಲ್ಲೆ. ಇದೇ ಬಗೆಯವುಗಳಲ್ಲಿ 1616 ಎಂದು ಕೂಡ ಇರುತ್ತದೆ!

"ಅಜ್ಜಿ ಕಾಲದಿಂದ ಪೂಜೆ ಮಾಡಿದ್ದು ಸುಳ್ಳೇನ್ರೀ?" ಎಂದು ಒಬ್ಬ ಹಿರಿಯರು ನೊಂದು ಕೇಳಿದರು. ಪೂಜೆ ಸುಳ್ಳಲ್ಲ, ಇಸವಿ ಸುಳ್ಳು ಎಂದೆ. ಮಗಳ ಮದುವೆಗೆ ಅದನ್ನೇ ನಂಬಿದ್ದರು ಪಾಪ.

ಅವರ ಡಬ್ಬಿಯಲ್ಲೇ 1835ರ ಕಾಲಾಣೆಯೊಂದಿತ್ತು. ಎರಡು ಸಿಂಹಗಳ ಲಾಂಛನ, ತೂಕ ಸುಮಾರು ಆರೂವರೆ ಗ್ರಾಂ, ಅಸಲಿ. ಆದರೆ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ್ದರು. ತಾಮ್ರದ ಕಂದು ಬಣ್ಣ ಹೋದರೆ ಸಂಗ್ರಾಹಕರಿಗೆ ಅರ್ಧ ಆಸೆ ಹೋದಂತೆ. 'ಉತ್ತಮ ಸ್ಥಿತಿ' ಎನ್ನದೆ, 'ತಿಕ್ಕಿ ತೊಳೆದದ್ದು, ಅಂಚಿನಲ್ಲಿ ಒಂದು ತಗ್ಗು' ಎಂದೇ ಬರೆದು, ಎರಡೂ ಬದಿಯ ಜೊತೆಗೆ ಅಂಚಿನ ಚಿತ್ರವನ್ನೂ ಹಾಕಿದೆ.

ಹರಾಜಿಗೆ ಹಾಕಿ ಅಂದರು. ಹರಾಜು ಏರಬೇಕಾದರೆ ಹಟ ಹಿಡಿಯುವವರು ಇಬ್ಬರಾದರೂ ಬೇಕು. ಹೇರಳವಾಗಿ ಸಿಗುವ ಕಾಲಾಣೆಗೆ ಯಾರು ಹಟ ಹಿಡಿದಾರು? ಅದೇ ಬಗೆಯವು ಈಚೆಗೆ ನಿಜಕ್ಕೂ ಮಾರಿಹೋದ ಬೆಲೆಗಳನ್ನು ನೋಡಿ, ತಿಕ್ಕಿದ್ದಕ್ಕೆ ಒಂದಿಷ್ಟು ಕಳೆದು, ನಿಗದಿ ಬೆಲೆ ಇಟ್ಟೆ. ನಾಲ್ಕನೆಯ ದಿನ ಹೋಯಿತು. ರಾಮನ ಕಾಸನ್ನು ಅವರು ದೇವರ ಪೆಟ್ಟಿಗೆಗೇ ಮರಳಿಸಿದರು.