ಎದುರಿನವರ ಲೆಕ್ಕಕ್ಕೆ ಸಿಗುವ ಲಾಭ: ಜಂಟಿ ಯೋಜನೆಯ ಪ್ರಸ್ತಾವ ಬೆಳೆದ ಬಗೆ

ಒಂದು ಕಂಪನಿ ಇನ್ನೊಂದಕ್ಕೆ ಜಂಟಿ ಯೋಜನೆಯ ಪ್ರಸ್ತಾವ ಕಳಿಸಿದರೆ ಅದರಲ್ಲಿ ‘ಇದರಿಂದ ಇಬ್ಬರಿಗೂ ಅನುಕೂಲ’ ಎಂಬ ಸಾಲು ಇದ್ದೇ ಇರುತ್ತದೆ. ಓದುವವರು ಸಾಮಾನ್ಯವಾಗಿ ಕಣ್ಣು ಹಾಯಿಸಿ ಮುಂದೆ ಹೋಗುವುದೂ ಅದೇ ಸಾಲನ್ನು. ಇಂಥ ಪ್ರಸ್ತಾವಗಳು ಇನ್ನೂರೈವತ್ತು ವರ್ಷಗಳಲ್ಲಿ ಬೆಳೆದುಬಂದ ದಾರಿಯನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಎದುರಿನವರು ತಮ್ಮದೇ ಲೆಕ್ಕಪುಸ್ತಕ ತೆರೆದು ಪರೀಕ್ಷಿಸಬಹುದಾದ ಲಾಭವನ್ನು ಮುಂದಿಟ್ಟ ಪ್ರಸ್ತಾವಕ್ಕೆ ಬಲ ಹೆಚ್ಚು. ಮೊದಲ ಕರೆ ಇರಬೇಕಾದದ್ದು ಆ ಪರೀಕ್ಷೆಗಾಗಿ.

ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಪೇಟೆಂಟ್ ಪಡೆದದ್ದು 1769ರ ಜನವರಿಯಲ್ಲಿ. ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆದಾರ ಮ್ಯಾಥ್ಯೂ ಬೋಲ್ಟನ್‌ಗೆ ಇಂಗ್ಲೆಂಡಿನ ಮೂರು ಕೌಂಟಿಗಳ ಮಟ್ಟಿಗೆ ಯಂತ್ರ ತಯಾರಿಸುವ ಪರವಾನಗಿ ಕೊಡುವ ಮಾತು ಆಗ ಬಂತು. ಬೋಲ್ಟನ್ ಒಪ್ಪಲಿಲ್ಲ. ಮೂರು ಕೌಂಟಿಗಳಿಗಾಗಿ ಕೆಲಸ ಹೂಡಿದರೆ ಗಿಟ್ಟುವುದಿಲ್ಲ, ಇಡೀ ಜಗತ್ತಿಗೇ ಮಾಡಿಕೊಡುವುದಾದರೆ ತಾನು ಸಿದ್ಧ ಎಂದು ಫೆಬ್ರವರಿಯಲ್ಲಿ ಉತ್ತರ ಬರೆದ. ಈ ಯಂತ್ರಕ್ಕೆ ಹಣ ಬೇಕು, ಅತಿ ನಿಖರವಾದ ಕೈಕೆಲಸ ಬೇಕು, ದೊಡ್ಡ ವ್ಯವಹಾರದ ಜಾಲ ಬೇಕು ಎಂಬುದು ಅವನ ವಾದ. ತನ್ನ ಬಳಿ ಏನಿದೆ ಎಂದು ಕೊಚ್ಚಿಕೊಳ್ಳುವ ಬದಲು ವಾಟ್‌ಗೆ ಏನು ಕೊರತೆಯಿದೆ ಎಂಬಲ್ಲಿಂದ ಅವನು ಲೆಕ್ಕ ಹಿಡಿದಿದ್ದ. ಆದರೂ ಪಾಲುದಾರಿಕೆ ಕುದುರಿದ್ದು 1775ರಲ್ಲಿ, ವಾಟ್‌ನ ಹಿಂದಿನ ಪಾಲುದಾರ ದಿವಾಳಿಯಾಗಿ ಆ ಪಾಲು ಬೋಲ್ಟನ್ ಕೈಗೆ ಬಂದ ಮೇಲೆ.

ಆ ಪಾಲುದಾರಿಕೆ ಗಿರಾಕಿಗಳ ಮುಂದಿಟ್ಟ ಸೂತ್ರವೇ ಪ್ರಸ್ತಾವದ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆ. ಹಳೆಯ ನ್ಯೂಕಾಮನ್ ಯಂತ್ರ ಅಷ್ಟೇ ಕೆಲಸಕ್ಕೆ ಎಷ್ಟು ಕಲ್ಲಿದ್ದಲು ಸುಡುತ್ತದೆ, ಹೊಸದು ಎಷ್ಟು ಸುಡುತ್ತದೆ ಎಂದು ನೋಡಿ, ಉಳಿತಾಯದ ಮೂರನೇ ಒಂದು ಭಾಗವನ್ನು ಮಾತ್ರ ಅವರು ಕೇಳಿದರು. ಕಲ್ಲಿದ್ದಲನ್ನು ದೂರದಿಂದ ತರಿಸಬೇಕಿದ್ದ ಕಾರ್ನ್‌ವಾಲ್‌ನ ಗಣಿ ಮಾಲೀಕರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ; ಇದ್ದಲಿನ ಬಿಲ್ಲು ಅವರ ಕೈಯಲ್ಲೇ ಇತ್ತು. ಯಂತ್ರ ಎಷ್ಟು ಬಾರಿ ಮೇಲೆ ಕೆಳಗೆ ಆಡಿತು ಎಂದು ಎಣಿಸುವ ಸಾಧನವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಹಾಗಿದ್ದೂ ತಕರಾರು ತಪ್ಪಲಿಲ್ಲ. ಯಂತ್ರ ಹಳತಾದಂತೆ ಉಳಿತಾಯದ ನೆನಪು ಮಾಸಿ, ತೆರುವ ಹಣ ಮಾತ್ರ ಕಣ್ಣಿಗೆ ಚುಚ್ಚತೊಡಗಿತು. ಲಾಭವನ್ನು ಅಳೆದರೆ ಸಾಲದು, ಎಷ್ಟು ಕಾಲ ಅಳೆಯುತ್ತೇವೆ ಎಂಬುದನ್ನೂ ಮೊದಲೇ ಹೇಳಬೇಕು ಎಂಬ ಪಾಠ ಇಲ್ಲಿದೆ.

ಇಪ್ಪತ್ತನೇ ಶತಮಾನದಲ್ಲಿ ಪ್ರಸ್ತಾವಕ್ಕೆ ಮೂರನೆಯ ಓದುಗ ಬಂದ: ಸರಕಾರ. ಭಾರತದಲ್ಲಿ 1973ರ ವಿದೇಶಿ ವಿನಿಮಯ ಕಾಯ್ದೆ ವಿದೇಶಿ ಪಾಲಿಗೆ ಮಿತಿ ಹಾಕಿತು. 1978ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಐರ್ಲೆಂಡಿನ ಕಂಪನಿಯೊಂದರ ಜೊತೆ ಬಯೋಕಾನ್ ಕಟ್ಟಿದಾಗ ಐರಿಷ್ ಪಾಲು ಶೇ. 30ಕ್ಕೆ ಸೀಮಿತವಾಗಿತ್ತು. ಆದರೂ ಕೂಟ ಗಟ್ಟಿಯಾಗಿ ನೆಲೆ ನಿಂತಿತು, ಏಕೆಂದರೆ ಎರಡೂ ಕಡೆಯ ಅಗತ್ಯ ಮೂರ್ತವಾಗಿತ್ತು. ಐರಿಷ್ ಕಂಪನಿಗೆ ಪರಂಗಿ ಕಾಯಿಯ ಹಾಲಿನಿಂದ ಬರುವ ಪಪೇನ್, ಮೀನಿನಿಂದ ಬರುವ ಐಸಿಂಗ್ಲಾಸ್ ಬೇಕಿತ್ತು. ಬೆಂಗಳೂರಿನವರಿಗೆ ತಂತ್ರಜ್ಞಾನ ಮತ್ತು ಹೊರದೇಶದ ಗಿರಾಕಿ ಬೇಕಿತ್ತು. ಇಬ್ಬರ ಪಾಲು ಸಮವಾಗಿರಲಿಲ್ಲ, ಲಾಭದ ಬಗೆಯೂ ಒಂದೇ ಆಗಿರಲಿಲ್ಲ. ಪರಸ್ಪರ ಲಾಭಕ್ಕೆ ಸಮಾನ ಲಾಭ ಆಗಲೇಬೇಕಿಲ್ಲ.

1980ರ ದಶಕದಲ್ಲಿ ಕಲಿಕೆಯೇ ಲಾಭವಾಗಿ ಪ್ರಸ್ತಾವಗಳಿಗೆ ಬಂತು. ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಸೇರಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮುಚ್ಚಿಹೋಗಿದ್ದ ಕಾರ್ಖಾನೆಯನ್ನು 1984ರಲ್ಲಿ ಅರ್ಧರ್ಧ ಪಾಲಿನ ಮೇಲೆ ತೆರೆದವು. ಅಮೆರಿಕದ ಕಂಪನಿ ಟೊಯೋಟಾದ ಉತ್ಪಾದನಾ ಪದ್ಧತಿಯನ್ನು ಒಳಗಿಂದ ನೋಡಬಹುದಿತ್ತು. ಟೊಯೋಟಾ ಅಮೆರಿಕದ ಕಾರ್ಮಿಕರು ಮತ್ತು ಬಿಡಿಭಾಗ ಪೂರೈಕೆದಾರರ ಜೊತೆ ಕೆಲಸ ಮಾಡುವುದನ್ನು ಕಲಿಯಬಹುದಿತ್ತು. ಟೊಯೋಟಾ ಆ ಪಾಠ ಹಿಡಿದು 1988ರಲ್ಲಿ ಕೆಂಟಕಿಯಲ್ಲಿ ಸ್ವಂತ ಕಾರ್ಖಾನೆ ನಡೆಸತೊಡಗಿತು. ಜನರಲ್ ಮೋಟಾರ್ಸ್‌ಗೆ ಕಲಿತದ್ದನ್ನು ಉಳಿದ ಕಾರ್ಖಾನೆಗಳಿಗೆ ಹಬ್ಬಿಸಲು ಬಹಳ ಕಾಲ ಹಿಡಿಯಿತು. ‘ಜ್ಞಾನ ವಿನಿಮಯ’ ಎಂದು ಬರೆಯುವುದು ಸುಲಭ. ಯಾರು ಕಲಿಯುತ್ತಾರೆ, ಕಲಿತವರು ಮರಳಿ ಯಾವ ವಿಭಾಗಕ್ಕೆ ಹೋಗುತ್ತಾರೆ ಎಂಬುದಿಲ್ಲದಿದ್ದರೆ ಆ ಲಾಭ ಲೆಕ್ಕಕ್ಕೆ ಸಿಗುವುದಿಲ್ಲ.

ಇಂದಿನ ಪ್ರಸ್ತಾವ ಒಂದು ಪುಟದ ಇಮೇಲ್‌ಗೆ ಇಳಿದಿದೆ. ಕೊನೆಯಲ್ಲಿ ಒಪ್ಪಂದದ ಕರಡಿನ ಜಾಗದಲ್ಲಿ ಅರ್ಧ ಗಂಟೆಯ ಕರೆಯ ಕೋರಿಕೆ ಇರುತ್ತದೆ. ಉದಾಹರಣೆಗೆ, ಬೆಳಗಾವಿಯ ಒಂದು ಫೌಂಡ್ರಿ ತನ್ನಿಂದ ತಿಂಗಳಿಗೆ 1,000 ಕೇಸಿಂಗ್ ಕೊಳ್ಳುವ ಪಂಪ್ ಕಂಪನಿಗೆ ಬರೆಯುತ್ತದೆ ಎಂದುಕೊಳ್ಳೋಣ. ಅವುಗಳಲ್ಲಿ 60 ರಿಜೆಕ್ಟ್ ಆಗುತ್ತಿವೆ. ಎರಕದೊಳಗಿನ ಗಾಳಿಗುಳ್ಳೆ ಮಷಿನಿಂಗ್ ಆದ ಮೇಲಷ್ಟೇ ಬಯಲಾಗುತ್ತದೆ. ಒಂದು ರಿಜೆಕ್ಷನ್‌ಗೆ ಫೌಂಡ್ರಿಗೆ 1,200 ರೂಪಾಯಿ, ಪಂಪ್ ಕಂಪನಿಗೆ ವ್ಯರ್ಥ ಮಷಿನಿಂಗ್‌ನಿಂದ 500 ರೂಪಾಯಿ ನಷ್ಟ. ಪ್ಯಾಟರ್ನ್ ಬದಲಿಸಿ, ಲೋಹ ಅಚ್ಚಿಗೆ ಹರಿಯುವ ದಾರಿಯನ್ನು ತಿದ್ದಲು 6 ಲಕ್ಷ ಖರ್ಚು. ರಿಜೆಕ್ಷನ್ 20ಕ್ಕೆ ಇಳಿದರೆ ತಿಂಗಳಿಗೆ ಫೌಂಡ್ರಿಗೆ 48,000, ಪಂಪ್ ಕಂಪನಿಗೆ 20,000 ಉಳಿಯುತ್ತದೆ. ಸುಮಾರು ಒಂಬತ್ತು ತಿಂಗಳಲ್ಲಿ ಖರ್ಚು ಹುಟ್ಟುತ್ತದೆ. ಹೆಚ್ಚು ಲಾಭ ತನಗೇ ಎಂದು ಫೌಂಡ್ರಿ ಮೊದಲೇ ಒಪ್ಪಿ, ಅದೇ ಪ್ರಮಾಣದಲ್ಲಿ ಸುಮಾರು ನಾಲ್ಕೂಕಾಲು ಲಕ್ಷ ತಾನು ಹಾಕುತ್ತೇನೆ, ಉಳಿದ ಒಂದೂಮುಕ್ಕಾಲು ಲಕ್ಷ ನೀವು ಹಾಕಿ ಎಂದರೆ, ಓದಿದವರಿಗೆ ಎಣಿಸಲು ಏನಾದರೂ ಸಿಗುತ್ತದೆ. ಕರೆಯಲ್ಲಿ ಕೇಳುವುದು ಮೂರೇ: ನಿಮ್ಮ ರಿಜೆಕ್ಷನ್ ದಾಖಲೆ ಈ 60ಕ್ಕೆ ತಾಳೆಯಾಗುತ್ತದೆಯೇ, ಡ್ರಾಯಿಂಗ್‌ನಲ್ಲಿ ಬದಲಾವಣೆಗೆ ಒಪ್ಪಿಗೆ ಕೊಡುವವರು ಯಾರು, ಎಷ್ಟು ತಿಂಗಳ ಫಲಿತಾಂಶ ನೋಡಿ ತೀರ್ಮಾನಿಸೋಣ. ಹಾಗಾಗಿ ಕರೆಗೆ ಖರೀದಿ ವಿಭಾಗದವರ ಜೊತೆ ಗುಣಮಟ್ಟ ವಿಭಾಗದವರೂ ಬರಲಿ ಎಂದು ಇಮೇಲ್‌ನಲ್ಲೇ ಕೇಳಿಕೊಳ್ಳಬೇಕು.

ಮೊದಲ ಪತ್ರದಲ್ಲೇ ಅಂಕಿ ಬಿಟ್ಟುಕೊಟ್ಟರೆ ಚೌಕಾಸಿಯಲ್ಲಿ ಕೈ ಸೋಲುತ್ತದೆ ಎಂಬ ಆಕ್ಷೇಪ ಇದೆ. ಇದರಲ್ಲಿ ಹುರುಳಿಲ್ಲದಿಲ್ಲ, 1,200 ರೂಪಾಯಿ ಎಂದೊಡನೆ ಖರೀದಿ ವಿಭಾಗದವರು ಎರಕದ ಅಸಲು ಊಹಿಸಲು ಕೂರುತ್ತಾರೆ. ಅದಕ್ಕೆ ಪರಿಹಾರ, ಬಿಡಿ ವೆಚ್ಚ ಬಿಟ್ಟು ತಿಂಗಳ ಒಟ್ಟು ಉಳಿತಾಯವನ್ನಷ್ಟೇ ಕೊಡುವುದು. ಡ್ರಾಯಿಂಗ್ ಮತ್ತು ಪ್ರಕ್ರಿಯೆಯ ವಿವರಗಳನ್ನು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಬೀಳುವ ತನಕ ತಡೆಹಿಡಿಯುವುದು. ನಮ್ಮಲ್ಲಿ ವ್ಯವಹಾರ ಕುದುರುವುದು ಪರಿಚಯದಿಂದ, ಪತ್ರದಿಂದಲ್ಲ ಎಂಬುದು ಇನ್ನೊಂದು ಮಾತು. ಪರಿಚಯ ಬಾಗಿಲು ತೆರೆಸುತ್ತದೆ, ನಿಜ. ಆದರೆ ಹಣ ಮಂಜೂರು ಮಾಡುವ ಲೆಕ್ಕಪತ್ರ ವಿಭಾಗದವರಿಗೆ ಆ ಪರಿಚಯ ಇರುವುದಿಲ್ಲ. ಒಳಗಿನ ಗೆಳೆಯ ಅವರ ಮೇಜಿನ ಮೇಲೆ ಇಡಬೇಕಾದದ್ದು ಆ ಒಂದು ಪುಟವನ್ನೇ.

ಅರ್ಧ ಗಂಟೆಯ ಕರೆಯಲ್ಲಿ ‘ನಮ್ಮ ದಾಖಲೆಯಲ್ಲಿ ರಿಜೆಕ್ಷನ್ 60 ಅಲ್ಲ, 25’ ಎಂಬ ಉತ್ತರವೂ ಬರಬಹುದು. ಆಗ ಉಳಿತಾಯ ತಿಂಗಳಿಗೆ ಐದು ಎರಕಕ್ಕೆ ಇಳಿದು, 6 ಲಕ್ಷ ಹುಟ್ಟಲು ಆರು ವರ್ಷ ಸಮೀಪಿಸುತ್ತದೆ. ಯೋಜನೆ ಕೈಬಿಡುವುದೇ ಸರಿ. ‘ಇಬ್ಬರಿಗೂ ಅನುಕೂಲ’ ಎಂದಷ್ಟೇ ಬರೆದಿದ್ದರೆ ಇದು ಗೊತ್ತಾಗುತ್ತಿದ್ದುದು ಪ್ಯಾಟರ್ನ್ ಮಾಡಿಸಿ, ಹಣ ಸುರಿದ ಮೇಲೆ.