ಡೆಲ್ಟಾ ಮತ್ತು ಗಾಮಾ: ಮಾರಿದ ಕಾಲ್‌ಗೆ ಷೇರಿನ ಹೆಡ್ಜ್

ಗೊತ್ತುಪಡಿಸಿದ ದಿನದಂದು ಗೊತ್ತುಪಡಿಸಿದ ಬೆಲೆಗೆ ಷೇರು ಕೊಳ್ಳುವ ಹಕ್ಕಿಗೆ ಕಾಲ್ ಆಪ್ಷನ್ ಎನ್ನುತ್ತಾರೆ. ಆ ಹಕ್ಕನ್ನು ಮಾರಿದವನ ಕೈಗೆ ಪ್ರೀಮಿಯಂ ಬರುತ್ತದೆ. ಬೆಲೆ ಏರಿದರೆ ನಷ್ಟವೂ ಅವನದೇ. ಷೇರು ಒಂದು ರೂಪಾಯಿ ಏರಿದಾಗ ಕಾಲ್ ಎಷ್ಟು ಏರುತ್ತದೆ ಎಂಬ ಅಳತೆಯೇ ಡೆಲ್ಟಾ. ಷೇರು ಒಂದು ರೂಪಾಯಿ ಸರಿದಾಗ ಆ ಡೆಲ್ಟಾ ಎಷ್ಟು ಸರಿಯುತ್ತದೆ ಎಂಬುದು ಗಾಮಾ. ಡೆಲ್ಟಾದಷ್ಟು ಷೇರನ್ನು ಕೈಯಲ್ಲಿಟ್ಟುಕೊಂಡು, ಬೆಲೆ ಸರಿದಂತೆಲ್ಲ ಅದನ್ನು ಹೆಚ್ಚುಕಡಿಮೆ ಮಾಡುತ್ತಾ ಹೋಗುವುದು ಡೆಲ್ಟಾ ಹೆಡ್ಜಿಂಗ್.

ಗಣಿತಜ್ಞ ಎಡ್ವರ್ಡ್ ಥಾರ್ಪ್ ಮತ್ತು ಶೀನ್ ಕಸೂಫ್ 1967ರಲ್ಲಿ ಪ್ರಕಟಿಸಿದ ‘ಬೀಟ್ ದ ಮಾರ್ಕೆಟ್’ ಪುಸ್ತಕದಲ್ಲೇ ಈ ಪದ್ಧತಿಯ ಮೂಲ ರೂಪವಿದೆ: ದುಬಾರಿ ಎನಿಸಿದ ವಾರಂಟನ್ನು ಮಾರಿ, ಅದಕ್ಕೆ ತಕ್ಕ ಪ್ರಮಾಣದಲ್ಲಿ ಷೇರು ಕೊಳ್ಳುವುದು. 1973ರಲ್ಲಿ ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ತಮ್ಮ ಪ್ರಬಂಧ ಪ್ರಕಟಿಸಿದರು. ಷೇರಿನ ಪ್ರಮಾಣವನ್ನು ಎಡೆಬಿಡದೆ ಸರಿಪಡಿಸುತ್ತಿದ್ದರೆ ಆಪ್ಷನ್ನಿನ ಅಪಾಯ ಪೂರ್ತಿ ಅಳಿಸಿಹೋಗುತ್ತದೆ, ಹಾಗಾಗಿ ಅದಕ್ಕೊಂದು ನಿಶ್ಚಿತ ಬೆಲೆ ಇರಲೇಬೇಕು ಎಂಬುದು ಅವರ ವಾದ. ಅದೇ ವರ್ಷ ಏಪ್ರಿಲ್ 26ರಂದು ಷಿಕಾಗೋದಲ್ಲಿ 16 ಕಂಪನಿಗಳ ಕಾಲ್‌ಗಳೊಂದಿಗೆ ಆಪ್ಷನ್ ವಿನಿಮಯ ಕೇಂದ್ರ ತೆರೆಯಿತು. ಹೀಗಾಗಿ ಈ ಲೆಕ್ಕ ಪ್ರಬಂಧದಲ್ಲೇ ಉಳಿಯದೆ ಬೇಗ ಮಾರುಕಟ್ಟೆಗಿಳಿಯಿತು.

ಭಾರತದ ಕಥೆ ಬೇರೆ. ತೇಜಿ–ಮಂದಿ ಎಂಬ ಹೆಸರಿನಲ್ಲಿ ಆಪ್ಷನ್ ವ್ಯಾಪಾರ ಇಲ್ಲಿನ ಪೇಟೆಗಳಿಗೆ ಹಳೆಯ ಪರಿಚಯ. ಆದರೆ 1956ರ ಸೆಕ್ಯುರಿಟೀಸ್ ಒಪ್ಪಂದ ಕಾಯ್ದೆ ಷೇರು ಆಪ್ಷನ್‌ಗಳನ್ನು ನಿಷೇಧಿಸಿತು, ಆ ನಿಷೇಧ 1995ರವರೆಗೂ ಉಳಿಯಿತು. ಎಲ್.ಸಿ. ಗುಪ್ತಾ ಸಮಿತಿಯ ವರದಿ, 1999ರ ಕಾಯ್ದೆ ತಿದ್ದುಪಡಿ ಇವೆಲ್ಲ ಮುಗಿದು, 2001ರ ಜುಲೈನಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಬಿಡಿ ಷೇರುಗಳ ಆಪ್ಷನ್ ವಹಿವಾಟು ಶುರುವಾಯಿತು. ಮೊದಲ ಪಟ್ಟಿಯಲ್ಲೇ ಬೆಂಗಳೂರಿನ ಇನ್ಫೋಸಿಸ್ ಇತ್ತು. ಡೆಲ್ಟಾ ಹೆಡ್ಜ್ ಎಲ್ಲಿ ಹಿಡಿದು ನಿಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಷೇರು ಕರ್ನಾಟಕದಲ್ಲಿ ಸಿಗದು.

ಒಂದು ಮಾದರಿ ಲೆಕ್ಕ ನೋಡೋಣ. ಷೇರಿನ ಬೆಲೆ 1,500 ರೂಪಾಯಿ, ಸ್ಟ್ರೈಕ್ ಕೂಡ 1,500, ಎಕ್ಸ್‌ಪೈರಿಗೆ 30 ದಿನ, ಲಾಟಿಗೆ 400 ಷೇರು ಎಂದಿಟ್ಟುಕೊಳ್ಳಿ. ವಾರ್ಷಿಕ ಏರಿಳಿತ ಶೇ 25, ಬಡ್ಡಿ ಶೇ 6 ಎಂದು ಹಿಡಿದರೆ ಬ್ಲ್ಯಾಕ್–ಶೋಲ್ಸ್ ಸೂತ್ರದ ಪ್ರಕಾರ ಕಾಲ್‌ನ ಬೆಲೆ ಸುಮಾರು 46.50, ಡೆಲ್ಟಾ 0.54. ಅಂದರೆ ಒಂದು ಲಾಟ್ ಮಾರಿದವನಿಗೆ ಸುಮಾರು 18,600 ರೂಪಾಯಿ ಪ್ರೀಮಿಯಂ ಬರುತ್ತದೆ. ಹೆಡ್ಜ್‌ಗೆ ಅವನು 217 ಷೇರು ಕೊಳ್ಳಬೇಕು.

ಅದೇ ದಿನ ಷೇರು 1,530ಕ್ಕೆ ಏರಿತು ಎನ್ನಿ. ಷೇರಿನಲ್ಲಿ 6,510 ಲಾಭ. ಆದರೆ ಕಾಲ್‌ನಲ್ಲಿ ಸುಮಾರು 7,160 ನಷ್ಟ, ಏಕೆಂದರೆ ಏರುವಾಗ ಡೆಲ್ಟಾ ತಾನೂ ಏರಿ 0.65ರ ಹತ್ತಿರ ಹೋಗಿದೆ. ಈಗ 259 ಷೇರು ಬೇಕು, ಆದ್ದರಿಂದ 1,530ರ ಬೆಲೆಗೆ ಇನ್ನೂ 42 ಕೊಳ್ಳುತ್ತಾನೆ. ಷೇರು ಮತ್ತೆ 1,500ಕ್ಕೆ ಇಳಿದರೆ ಆ 42ನ್ನೂ ಮಾರಬೇಕು: ಮೇಲೆ ಕೊಂಡು ಕೆಳಗೆ ಮಾರಿದ್ದಕ್ಕೆ 1,260 ರೂಪಾಯಿ ಹೋಯಿತು, ಎಸ್‌ಟಿಟಿ ಮತ್ತು ದಲ್ಲಾಳಿ ಬೇರೆ. ಬೆಲೆ ಹೊರಟಲ್ಲಿಗೇ ಬಂದು ನಿಂತಿದೆ, ಹೆಡ್ಜ್ ಮಾಡಿದವನು ಮಾತ್ರ ಬಡವಾಗಿದ್ದಾನೆ. ಆಪ್ಷನ್ ಮಾರಿದವನ ಗಾಮಾ ಯಾವಾಗಲೂ ಋಣ ಎನ್ನುವುದು ಇದಕ್ಕೇ. ಕಾಲ್ ಮಾರಿದವನಿಗೆ ಬೆಲೆ ಏರುವುದೊಂದೇ ಭಯ ಎಂಬ ಸಾಮಾನ್ಯ ಗ್ರಹಿಕೆ ಹೆಡ್ಜ್ ಮಾಡಿದ ಮೇಲೆ ತಪ್ಪಾಗುತ್ತದೆ. ಆಮೇಲೆ ಏರಿಕೆಯಷ್ಟೇ ಇಳಿಕೆಯೂ ಅವನಿಗೆ ವೈರಿ.

ಅವನಿಗೆ ಸಿಗುವುದೇನು ಹಾಗಾದರೆ? ದಿನ ಕಳೆದಂತೆ ಕರಗುವ ಪ್ರೀಮಿಯಂ. ನಮ್ಮ ಉದಾಹರಣೆಯಲ್ಲಿ ಷೇರು ಕೊಳ್ಳಲು ಹಾಕಿದ ಹಣದ ಬಡ್ಡಿ ಕಳೆದು ಲಾಟಿಗೆ ದಿನಕ್ಕೆ ಸುಮಾರು 285 ರೂಪಾಯಿ ಉಳಿಯುತ್ತದೆ. ದಿನದ ಚಲನೆ 20 ರೂಪಾಯಿಯ ಆಸುಪಾಸಿನಲ್ಲಿದ್ದರೆ ಗಾಮಾದ ನಷ್ಟ ಇದಕ್ಕೆ ಸರಿಸಮ. ಅದಕ್ಕಿಂತ ಕಡಿಮೆಯಿದ್ದರೆ ಲಾಭ, ಹೆಚ್ಚಿದ್ದರೆ ನಷ್ಟ. ಚಲನೆ ಎರಡು ಪಟ್ಟಾದರೆ ನಷ್ಟ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಹೆಡ್ಜ್ ಮಾಡಿದ ವ್ಯಾಪಾರಿ ಪಂತ ಕಟ್ಟಿರುವುದು ಷೇರು ಯಾವ ದಿಕ್ಕಿಗೆ ಹೋದೀತು ಎಂಬುದರ ಮೇಲಲ್ಲ, ಎಷ್ಟು ಅಲುಗಾಡೀತು ಎಂಬುದರ ಮೇಲೆ.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಯಾವಾಗ ಬೇಕೆಂದರೂ ಷೇರು ಕೊಂಡು ಮಾರಬಹುದು ಎಂಬ ನಂಬಿಕೆಯ ಮೇಲೆ. ಕ್ಯಾಲನೂರು ಸುತ್ತಿನ ರೈತರು ಟೊಮೆಟೊ ಹೊತ್ತೊಯ್ಯುವ ಕೋಲಾರದ ಎಪಿಎಂಸಿಯಲ್ಲಿ ಈ ಆಟ ಸಾಧ್ಯವೇ ಇಲ್ಲ. ಹರಾಜು ಕೂಗಿ ಮುಗಿದ ಮೇಲೆ ಆ ದಿನ ಸರಿಪಡಿಸಿಕೊಳ್ಳಲು ಬೆಲೆಯೂ ಇರದು, ಕೂಡಿಟ್ಟುಕೊಳ್ಳಲು ಮಾಲೂ ತಡೆಯದು. ಷೇರುಪೇಟೆಯೂ ಕೆಲವೊಮ್ಮೆ ಹೀಗೇ ವರ್ತಿಸುತ್ತದೆ, ಮುಖ್ಯವಾಗಿ ಫಲಿತಾಂಶದ ಬೆಳಿಗ್ಗೆ.

2013ರ ಜನವರಿ 11ರಂದು ಇನ್ಫೋಸಿಸ್ ತನ್ನ ವಾರ್ಷಿಕ ಆದಾಯದ ಅಂದಾಜನ್ನು ಏರಿಸಿತು. ಷೇರು ಒಂದೇ ದಿನ ಶೇ 17ರಷ್ಟು ಜಿಗಿಯಿತು. ಮೂರು ತಿಂಗಳ ನಂತರ, ಏಪ್ರಿಲ್ 12ರಂದು, ಮುಂದಿನ ವರ್ಷದ ಬೆಳವಣಿಗೆ ಶೇ 6ರಿಂದ 10 ಇರಬಹುದೆಂದು ಹೇಳಿತು. ಉದ್ಯಮ ಸಂಘಟನೆ ನಾಸ್ಕಾಂ ಶೇ 12ರಿಂದ 14 ಎಂದಿದ್ದ ಕಾಲ ಅದು. ಷೇರು ಶೇ 21ರಷ್ಟು ಬಿತ್ತು. ಆಪ್ಷನ್ ಇರುವ ಷೇರುಗಳಿಗೆ ಸ್ಥಿರ ಬೆಲೆ ಮಿತಿ ಇಲ್ಲದ್ದರಿಂದ ಪತನಕ್ಕೆ ಶೇ 10 ಅಥವಾ 20ರಲ್ಲಿ ತಡೆಯೂ ಸಿಗಲಿಲ್ಲ.

ಈ ಎರಡು ಜಿಗಿತಗಳನ್ನು ನಮ್ಮ ಮಾದರಿಗೆ ಹಚ್ಚಿ ನೋಡಿ. ಮಧ್ಯೆ ಸರಿಪಡಿಸಲು ಅವಕಾಶವೇ ಇಲ್ಲದೆ 1,500ರಿಂದ ಶೇ 17, ಅಂದರೆ 255 ರೂಪಾಯಿ ಏರಿದರೆ 217 ಷೇರಿನ ಲಾಭ 55,000 ದಾಟುತ್ತದೆ. ಕಾಲ್‌ನ ನಷ್ಟ 86,000 ದಾಟುತ್ತದೆ. ಕೊನೆಗೆ ಸುಮಾರು 31,000 ನಷ್ಟ. ಶೇ 21, ಅಂದರೆ 315 ರೂಪಾಯಿ ಬಿದ್ದರೆ ಕಾಲ್ ನೆಲಕಚ್ಚಿ ಪ್ರೀಮಿಯಂ ಪೂರಾ, 18,600 ರೂಪಾಯಿ, ಮಾರಿದವನದಾಗುತ್ತದೆ. ಆದರೆ ಹೆಡ್ಜ್ ಎಂದು ಇಟ್ಟ ಷೇರಿನಲ್ಲೇ 68,000 ಕರಗಿರುತ್ತದೆ. ಕೈಗೆ ಬರುವುದು ಸುಮಾರು 50,000 ನಷ್ಟ. ಹೆಡ್ಜ್ ಮಾಡದೆ ಬರಿಯ ಕಾಲ್ ಮಾರಿದವನು ಆ ದಿನ ನಗುತ್ತಿರುತ್ತಾನೆ ಎಂಬುದು ಕಹಿ ಸತ್ಯ, ಆದರೆ ಜನವರಿ 11ರಂದು ಅವನು ನಗುತ್ತಿರಲಿಲ್ಲ. ಫಲಿತಾಂಶದ ಹಿಂದಿನ ದಿನ ಪ್ರೀಮಿಯಂ ನಮ್ಮ ಮಾದರಿಗಿಂತ ಹೆಚ್ಚಿರುವುದು ಈ ಭಯಕ್ಕೇ. ಆದರೂ ಇಂಥ ಜಿಗಿತವನ್ನು ಅದು ತುಂಬಿಕೊಡುವುದು ಅಪರೂಪ. ಇದೇ ಷೇರು 2003ರ ಏಪ್ರಿಲ್ 10ರಂದು ಶೇ 27ರಷ್ಟು ಬಿದ್ದದ್ದನ್ನು ಹಳೆಯ ವ್ಯಾಪಾರಿಗಳು ಈಗಲೂ ನೆನೆಯುತ್ತಾರೆ. ಗಾಮಾವನ್ನು ಷೇರಿನಿಂದ ಕಡಿಮೆ ಮಾಡಲಾಗದು, ಷೇರಿನ ಗಾಮಾ ಸೊನ್ನೆ. ಅದಕ್ಕೆ ಬೇರೊಂದು ಆಪ್ಷನ್ನನ್ನೇ ಕೊಳ್ಳಬೇಕು, ಪ್ರೀಮಿಯಂನ ಒಂದು ಭಾಗ ಅಲ್ಲಿಗೆ ಹೋಗುತ್ತದೆ.

ಜಗತ್ತು ಈ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ಕಂಡದ್ದು 1987ರ ಅಕ್ಟೋಬರ್ 19ರಂದು. ಏರಿದರೆ ಕೊಳ್ಳು, ಇಳಿದರೆ ಮಾರು ಎಂಬ ಇದೇ ನಿಯಮದಲ್ಲಿ ನಡೆಯುತ್ತಿದ್ದ ‘ಪೋರ್ಟ್‌ಫೋಲಿಯೋ ವಿಮೆ’ಯ ಮಾರಾಟಗಳು ಒಟ್ಟಿಗೇ ಪೇಟೆಗೆ ಬಿದ್ದವು. ಡೌ ಜೋನ್ಸ್ ಆ ದಿನ ಶೇ 22.6 ಕುಸಿಯಿತು. ಕುಸಿತಕ್ಕೆ ಇದೊಂದೇ ಕಾರಣ ಅಲ್ಲದಿದ್ದರೂ ಅದನ್ನು ಆಳಗೊಳಿಸಿದ್ದರಲ್ಲಿ ಇದರ ಪಾಲಿದೆ.

ಭಾರತದಲ್ಲಿ ಎರಡು ನಿಯಮಗಳು ಮಾರುವವನ ಲೆಕ್ಕವನ್ನು ಬದಲಿಸಿವೆ. 2011ರ ಜನವರಿಯಿಂದ ಷೇರು ಆಪ್ಷನ್‌ಗಳು ಯುರೋಪಿಯನ್ ಶೈಲಿಗೆ ಬಂದವು. ಕೊಂಡವನು ನಡುವೆಯೇ ಹಕ್ಕು ಚಲಾಯಿಸಿ ಹೆಡ್ಜ್ ಕೆಡಿಸುವ ಭಯ ಹೋಯಿತು. 2019ರ ಅಕ್ಟೋಬರ್‌ನಿಂದ ಎಲ್ಲ ಷೇರು ಆಪ್ಷನ್‌ಗಳಲ್ಲೂ ನಗದಿನ ಬದಲು ಷೇರನ್ನೇ ಕೊಡಬೇಕಾಯಿತು. ಎಕ್ಸ್‌ಪೈರಿಯ ದಿನ ಬೆಲೆ 1,500ರ ಆಚೀಚೆ ಓಲಾಡುತ್ತಿದ್ದರೆ ಡೆಲ್ಟಾ ಸೊನ್ನೆಗೂ ಒಂದಕ್ಕೂ ನಡುವೆ ಹಾರಾಡುತ್ತದೆ. ಕಾಲ್ ಲಾಭದಲ್ಲಿ ಮುಗಿದರೆ 400 ಷೇರು ಕೊಡಬೇಕು, ಇಲ್ಲದಿದ್ದರೆ ಒಂದೂ ಬೇಡ. 217 ಷೇರು ಹಿಡಿದು ಕೂತವನು ಇನ್ನೂ 183 ಕೊಳ್ಳಬೇಕೋ, ಇದ್ದದ್ದನ್ನೂ ಮಾರಬೇಕೋ ಎಂಬುದು ಕೊನೆಯ ಅರ್ಧ ಗಂಟೆಯ ಸರಾಸರಿ ಬೆಲೆ ಹೊರಬೀಳುವವರೆಗೂ ತಿಳಿಯುವುದಿಲ್ಲ. ಅನೇಕರು ಆ ದಿನದವರೆಗೆ ಕಾಯದೆ, ಮಾರಿದ ಕಾಲನ್ನು ಒಂದೆರಡು ದಿನ ಮೊದಲೇ ಮರಳಿ ಕೊಂಡು ಷೇರನ್ನೂ ಮಾರಿ ಲೆಕ್ಕ ಮುಗಿಸುತ್ತಾರೆ.