ಕನ್ನಡಕ ತೆಗೆದರೆ ಕಾಣುವ ಕಣ್ಣು ಯಾರದು?

ಇವತ್ತಿನ ಸಂಚಿಕೆಯನ್ನ ಒಂದು ಹಳೇ ಸುಳ್ಳಿನಿಂದ ಶುರು ಮಾಡೋಣ. ಇಟಲಿಯಲ್ಲಿ ತ್ರೆವಿಜೊ ಅಂತ ಒಂದು ಊರು. ಅಲ್ಲಿನ ಮಠದ ಗೋಡೆ ಮೇಲೆ 1352ರಲ್ಲಿ ತೊಮಾಸೊ ದ ಮೊದೆನ ಅನ್ನೋ ಚಿತ್ರಕಾರ ಧರ್ಮಗುರುಗಳ ಚಿತ್ರಗಳನ್ನ ಸಾಲಾಗಿ ಬರೆದ. ಅವರಲ್ಲಿ ಹ್ಯೂ ಆಫ್ ಸೇಂಟ್ ಶೇರ್ ಅನ್ನೋರು ಮೂಗಿನ ಮೇಲೆ ಕನ್ನಡಕ ಇಟ್ಕೊಂಡು ಬರೀತಾ ಕೂತಿದ್ದಾರೆ. ಕನ್ನಡಕ ಇರುವ, ನಮಗೆ ಗೊತ್ತಿರುವ ಅತಿ ಹಳೆಯ ಚಿತ್ರ ಅದೇ. ಆದ್ರೆ ಹ್ಯೂ ತೀರಿಕೊಂಡಿದ್ದು 1263ರಲ್ಲಿ. ಕನ್ನಡಕ ಹುಟ್ಟಿದ್ದು ಅದಾಗಿ ಇಪ್ಪತ್ತು ವರ್ಷದ ಮೇಲೆ. ಅಂದ್ರೆ ಆ ಮನುಷ್ಯ ಬದುಕಿರುವಾಗ ಕನ್ನಡಕ ಅನ್ನೋ ವಸ್ತುವೇ ಇರಲಿಲ್ಲ.

ಹಾಕೋದು ಅಷ್ಟು ಸುಲಭ, ನಾಲ್ಕು ಗೆರೆ ಎಳೆದ್ರೆ ಮುಗೀತು. ತೆಗೆಯೋದು? ಫೋಟೋದಲ್ಲಿರೋ ಮುಖದಿಂದ ಕನ್ನಡಕ ತೆಗೆಯೋಕೆ ಜನ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಒದ್ದಾಡ್ತಿದ್ದಾರೆ. ಯಾಕೆ ಅಂತ ತಿಳೀಬೇಕಾದ್ರೆ ಮೊದಲು ಕನ್ನಡಕ ಒಂದು ಫೋಟೋಗೆ ಏನು ಮಾಡುತ್ತೆ ಅಂತ ನೋಡಬೇಕು.

ಅದು ಮೂರು ಬೇರೆ ಬೇರೆ ಕೆಲಸ ಮಾಡುತ್ತೆ. ಒಂದು, ಫ್ರೇಮು ಚರ್ಮವನ್ನ ಮುಚ್ಚುತ್ತೆ. ಅದರ ಕೆಳಗೆ ಏನಿತ್ತು ಅನ್ನೋ ಮಾಹಿತಿ ಫೋಟೋದಲ್ಲಿ ಇಲ್ಲವೇ ಇಲ್ಲ. ಎರಡು, ಗಾಜು ಬೆಳಕನ್ನ ಬಗ್ಗಿಸುತ್ತೆ. ಕಣ್ಣು ಕಾಣುತ್ತೆ, ಆದ್ರೆ ಇದ್ದ ಅಳತೆಯಲ್ಲಲ್ಲ. ಮೂರು, ಗಾಜು ಎದುರಿಗಿರೋ ಬೆಳಕನ್ನ ಪ್ರತಿಫಲಿಸುತ್ತೆ. ಕಣ್ಣಿನ ಮೇಲೆ ಇನ್ನೊಂದು ಚಿತ್ರ ಬಂದು ಕೂರುತ್ತೆ.

ಬಗ್ಗಿಸೋದರ ಲೆಕ್ಕ ನೋಡಿ. ದೂರದ್ದು ಕಾಣದವರು ಹಾಕೋದು ಮೈನಸ್ ಗಾಜು. ಮೈನಸ್ 6 ಪವರ್ ಇದೆ, ಗಾಜು ಕಣ್ಣಿಂದ 12 ಮಿಲಿಮೀಟರ್ ಮುಂದಿದೆ ಅಂತಿಟ್ಟುಕೊಳ್ಳಿ. ಎದುರಿನವರಿಗೆ ಆ ಕಣ್ಣು ಸುಮಾರು ಶೇಕಡಾ 7ರಷ್ಟು ಚಿಕ್ಕದಾಗಿ ಕಾಣುತ್ತೆ. 30 ಮಿಲಿಮೀಟರ್ ಅಗಲದ ಕಣ್ಣು 28 ಆಗುತ್ತೆ. ಹಾಗಾಗಿ ಫ್ರೇಮನ್ನ ಅಳಿಸಿ ಒಳಗಿನ ಕಣ್ಣನ್ನ ಹಾಗೇ ಬಿಟ್ರೆ ಮುಖದಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತೆ. ಕಣ್ಣು ಪುಟ್ಟದಾಗಿರುತ್ತೆ, ಗಾಜಿನ ಅಂಚಲ್ಲಿ ಕೆನ್ನೆಯ ಗೆರೆ ಒಳಕ್ಕೆ ಮುರಿದಿರುತ್ತೆ. ಗಾಜಿನೊಳಗಿನ ಭಾಗವನ್ನ ಮತ್ತೆ ಅಷ್ಟೇ ದೊಡ್ಡದು ಮಾಡಬೇಕು.

ಇದರಲ್ಲಿ ಒಂದು ಲಾಭಾನೂ ಇದೆ. ಮೈನಸ್ ಗಾಜು ಎಲ್ಲವನ್ನೂ ಕುಗ್ಗಿಸಿ ತೋರಿಸೋದರಿಂದ, ಫ್ರೇಮಿನ ಹಿಂದೆ ಮುಚ್ಚಿಹೋಗಬೇಕಿದ್ದ ಚರ್ಮದ ಒಂದು ಅಂಚು ಗಾಜಿನೊಳಗೇ ಬಂದು ಕೂತಿರುತ್ತೆ. 50 ಮಿಲಿಮೀಟರ್ ಗಾಜನ್ನ ಹಿಗ್ಗಿಸಿದ್ರೆ ಎರಡೂ ಕಡೆ ಒಂದೂವರೆ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ನಿಜವಾದ ಚರ್ಮ ವಾಪಸ್ ಸಿಗುತ್ತೆ. ತೆಳು ಕಡ್ಡಿಯ ಫ್ರೇಮಾದ್ರೆ ಅದು ಬಹುಪಾಲು ತುಂಬಿಹೋಗುತ್ತೆ. ಓದೋಕೆ ಹಾಕೋ ಪ್ಲಸ್ ಗಾಜಲ್ಲಿ ಇದು ಪೂರ್ತಿ ಉಲ್ಟಾ. ಒಳಗಿನದನ್ನ ಕುಗ್ಗಿಸಬೇಕು, ಖಾಲಿ ಜಾಗ ಇನ್ನೂ ಅಗಲ ಆಗುತ್ತೆ.

ಇನ್ನು ಪ್ರತಿಫಲನ. ಕೋಟಿಂಗ್ ಇಲ್ಲದ ಸಾಮಾನ್ಯ ಗಾಜಿನ ಒಂದೊಂದು ಮೈಯೂ ನೇರವಾಗಿ ಬಿದ್ದ ಬೆಳಕಿನ ಶೇಕಡಾ 4ರಷ್ಟನ್ನ ವಾಪಸ್ ಕಳಿಸುತ್ತೆ. ಹಿಂದು ಮುಂದು ಸೇರಿದ್ರೆ ಸುಮಾರು 8. ಕೇಳೋಕೆ ಕಡಿಮೆಯೇ. ಆದ್ರೆ ಆ ಬೆಳಕು ಫ್ಲ್ಯಾಶೋ ಕಿಟಕಿಯೋ ಆಗಿದ್ರೆ, ಅದರ ಶೇಕಡಾ 8 ಕೂಡ ನೆರಳಲ್ಲಿರೋ ಕಣ್ಣಿಗಿಂತ ಎಷ್ಟೋ ಪಟ್ಟು ಜೋರಾಗಿರುತ್ತೆ. ಮಬ್ಬಾಗಿ ಬಿದ್ದಿದ್ರೆ ಅಡಿಯಲ್ಲಿ ಕಣ್ಣಿನ ಗುರುತು ಉಳಿದಿರುತ್ತೆ, ಮೇಲಿನ ಬೆಳಕನ್ನ ಕಳೆದು ಅದನ್ನ ಹೊರಗೆ ತೆಗೀಬಹುದು. ಪೂರ್ತಿ ಬೆಳ್ಳಗಾಗಿದ್ರೆ ಅಲ್ಲಿ ಏನೂ ಇಲ್ಲ. ಕಳೆಯೋಕೆ ಏನಾದ್ರೂ ಉಳಿದಿರಬೇಕಲ್ಲ?

ಗಾಜಿನ ಪ್ಲೇಟು, ಫಿಲ್ಮುಗಳ ಕಾಲದ ಸ್ಟುಡಿಯೋದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ರೀಟಚ್ ಮಾಡೋರು ನೆಗೆಟಿವನ್ನ ಇಳಿಜಾರಾದ ಮೇಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು ಕೆಲಸಕ್ಕೆ ಕೂರೋರು. ನೆಗೆಟಿವಲ್ಲಿ ಬಿಳಿ ಇರೋದು ಕಪ್ಪಾಗಿರುತ್ತೆ, ಹಾಗಾಗಿ ಕನ್ನಡಕದ ಹೊಳಪು ಅಲ್ಲಿ ದಟ್ಟ ಕಪ್ಪು ಮಚ್ಚೆ. ಅದನ್ನ ಹರಿತವಾದ ಸಣ್ಣ ಚಾಕುವಿನಲ್ಲಿ ಪದರ ಪದರವಾಗಿ ಕೆರೆದು ತೆಳು ಮಾಡಬೇಕು. ಆಮೇಲೆ ಅಂಟು ಬರೋಕೆ ಒಂದು ವಾರ್ನಿಷ್ ಸವರಿ, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿಂದ ಕಣ್ಣಿನ ಬಿಳಿಭಾಗವನ್ನ ಚುಕ್ಕಿ ಚುಕ್ಕಿಯಾಗಿ ಕಟ್ಟಬೇಕು. ಪೆನ್ಸಿಲ್ ಬಿದ್ದ ಕಡೆ ಪ್ರಿಂಟ್ ಬೆಳ್ಳಗಾಗುತ್ತೆ, ಕೆರೆದ ಕಡೆ ಕಪ್ಪಾಗುತ್ತೆ. ಒಂದು ಸಲ ಜಾಸ್ತಿ ಕೆರೆದ್ರೆ ಆ ಜಾಗ ಪ್ರಿಂಟಲ್ಲಿ ಕಪ್ಪು ತೂತಿನ ಹಾಗೆ ಬರುತ್ತೆ. ಅದಕ್ಕೇ ಜಾಣ ಫೋಟೋಗ್ರಾಫರುಗಳು ಈ ಕೆಲಸಾನೇ ಬರದ ಹಾಗೆ ನೋಡ್ಕೋತಿದ್ರು. ಗಾಜಿಲ್ಲದ ಖಾಲಿ ಫ್ರೇಮ್ ಹಾಕಿಸೋದು, ಇಲ್ಲಾಂದ್ರೆ ಕನ್ನಡಕದ ಕಡ್ಡಿಯನ್ನ ಕಿವಿಯಿಂದ ಸ್ವಲ್ಪ ಮೇಲೆತ್ತಿ ಗಾಜನ್ನ ಕೆಳಕ್ಕೆ ಬಾಗಿಸೋದು. ಆಗ ಹೊಳಪು ಕ್ಯಾಮೆರಾಗೆ ಬರದೆ ನೆಲಕ್ಕೆ ಹೋಗುತ್ತೆ.

ನಮ್ಮ ಮನೆಯ ಒಂದು ಉದಾಹರಣೆ ಹೇಳ್ತೀನಿ, ಯಾಕಂದ್ರೆ ಮುಂದಿನ ಕಥೆ ಅದರಿಂದ ಸುಲಭ ಆಗುತ್ತೆ. ನನ್ನ ಅಜ್ಜಂದು ಇದ್ದಿದ್ದು ಒಂದೇ ಒಳ್ಳೆ ಫೋಟೋ, ಕಪ್ಪು ಬಿಳುಪು, ಪಾಸ್‌ಪೋರ್ಟ್ ಸೈಜು. ಬೆಳಕು ಅವರ ಬಲಗಡೆಯಿಂದ ಬಂದು ಬಲಗಡೆಯ ಗಾಜು ಪೂರ್ತಿ ಬೆಳ್ಳಗಾಗಿತ್ತು. ಗೋಡೆಗೆ ಹಾಕೋಕೆ ದೊಡ್ಡದು ಮಾಡಿಸುವಾಗ, ಕನ್ನಡಕ ಇಲ್ಲದೆ ಇರಲಿ ಅಂತ ಅತ್ತೆ ಹೇಳಿದ್ರು. ಸ್ಟುಡಿಯೋದವರು ಎಡಗಣ್ಣನ್ನ ಕಾಪಿ ಮಾಡಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬಲಕ್ಕೆ ಕೂರಿಸಿದ್ರು. ಕೆಲಸ ನೀಟಾಗಿತ್ತು. ಆದ್ರೆ ಅಜ್ಜಿ ನೋಡಿದ ಕೂಡಲೇ, “ಅವರ ಬಲಗಣ್ಣಿನ ರೆಪ್ಪೆ ಸ್ವಲ್ಪ ಜೋತುಬಿದ್ದಿತ್ತಲ್ಲೋ, ಇದ್ಯಾರು?” ಅಂದ್ರು.

ಅಜ್ಜಿಗೆ ಕಂಡಿದ್ದು ರೆಪ್ಪೆ. ಗಮನಿಸಿ ನೋಡಿದ್ರೆ ಇನ್ನೊಂದೂ ಇತ್ತು. ಎಲ್ಲರ ಕಣ್ಣಲ್ಲೂ ದೀಪದ ಪ್ರತಿಬಿಂಬವಾಗಿ ಒಂದು ಬಿಳಿ ಚುಕ್ಕಿ ಇರುತ್ತೆ. ಗಾಜಿನ ಹೊಳಪು ಬೇರೆ, ಇದು ಬೇರೆ. ಇದು ಕಣ್ಣಿನ ಸ್ವಂತದ್ದು, ಅಳಿಸಿದ್ರೆ ಕಣ್ಣು ಸತ್ತ ಹಾಗೆ ಕಾಣುತ್ತೆ. ದೀಪ ಒಂದೇ ಆದ್ರೆ ಎರಡೂ ಕಣ್ಣಲ್ಲಿ ಚುಕ್ಕಿ ಒಂದೇ ಪಕ್ಕಕ್ಕಿರಬೇಕು. ಅಜ್ಜನ ಎಡಗಣ್ಣಲ್ಲಿ ಅದು ಮೂಗಿನ ಕಡೆಗಿತ್ತು. ಕಣ್ಣನ್ನ ತಿರುಗಿಸಿದಾಗ ಬಲಗಣ್ಣಲ್ಲೂ ಮೂಗಿನ ಕಡೆಗೇ ಬಂತು. ಎರಡು ಕಣ್ಣು ಎರಡು ಬೇರೆ ದೀಪ ನೋಡ್ತಿರೋ ಹಾಗೆ. ಚುಕ್ಕಿಯನ್ನ ಸರಿಸಿ ಸರಿಮಾಡಬಹುದು. ರೆಪ್ಪೆಯನ್ನ? ಅದು ಫೋಟೋದಲ್ಲಿ ಇರಲಿಲ್ಲ, ಅಜ್ಜಿಯ ನೆನಪಲ್ಲಿ ಮಾತ್ರ ಇತ್ತು.

ಎಡಗಣ್ಣಿಂದ ಸಾಲ ತರೋದು ಸಣ್ಣ ಸಾಲ. ಕಂಪ್ಯೂಟರ್ ಬಂದ ಮೇಲೆ ಸಾಲ ಊರೆಲ್ಲದರಿಂದ ಬಂತು. 1999ರಲ್ಲಿ ಜಪಾನಿನ ಸೈತೊ, ಕೆನ್‌ಮೊಚಿ, ಕೊತಾನಿ ಅನ್ನೋ ಸಂಶೋಧಕರು ಒಂದು ಉಪಾಯ ಮಂಡಿಸಿದ್ರು. ಕನ್ನಡಕ ಇಲ್ಲದ ತುಂಬಾ ಮುಖಗಳ ಫೋಟೋ ತಗೊಂಡು, ಮೊದಲು ಒಂದು ಸರಾಸರಿ ಮುಖ ಮಾಡೋದು. ಆಮೇಲೆ ಮುಖಗಳು ಆ ಸರಾಸರಿಯಿಂದ ಹೇಗೆ ಹೇಗೆ ಬೇರೆಯಾಗ್ತವೆ ಅಂತ ಲೆಕ್ಕ ಹಾಕೋದು. ಈಗ ಕನ್ನಡಕ ಇರೋ ಹೊಸ ಮುಖವನ್ನ ಈ ಸಾಮಾನುಗಳಿಂದಲೇ ಬೆರೆಸಿ ಮಾಡೋಕೆ ಹೇಳಿದ್ರೆ ಏನಾಗುತ್ತೆ? ಸಾಮಾನಿನಲ್ಲಿ ಎಲ್ಲೂ ಕನ್ನಡಕ ಇಲ್ಲ, ಹಾಗಾಗಿ ಅಡುಗೆಯಲ್ಲೂ ಬರಲ್ಲ.

ತೊಂದರೆ ಎಲ್ಲಿ ಅಂದ್ರೆ, ಬೆರಕೆಯ ಅಳತೆ ನಿರ್ಧಾರ ಆಗೋದು ಕನ್ನಡಕ ಇರೋ ಮುಖವನ್ನ ನೋಡಿಯೇ. ಕಪ್ಪು ಫ್ರೇಮ್ ಇದ್ರೆ ಲೆಕ್ಕ ದಪ್ಪ ಹುಬ್ಬಿನ ಕಡೆ, ಕಪ್ಪು ಕಣ್ಣಿನ ಕಡೆ ವಾಲುತ್ತೆ. ಮುಖವೂ ಮಸುಕಾಗುತ್ತೆ. ಇದನ್ನ ಸುಧಾರಿಸೋಕೆ 2005ರಲ್ಲಿ ಇನ್ನೊಂದು ತಂಡ ಪ್ರಕಟಿಸಿದ ದಾರಿ ಹೀಗಿದೆ: ಮೂಲಕ್ಕೂ ಹೊಸದಕ್ಕೂ ಎಲ್ಲಿ ಜಾಸ್ತಿ ವ್ಯತ್ಯಾಸ ಇದೆಯೋ ಅಲ್ಲಿ ಕನ್ನಡಕ ಇದೆ ಅಂತ ತಿಳಿ, ಅಷ್ಟನ್ನ ಮಾತ್ರ ಬದಲಿಸು, ಬದಲಾದ ಮುಖದ ಮೇಲೆ ಮತ್ತೆ ಲೆಕ್ಕ ಹಾಕು. ಸುತ್ತು ಸುತ್ತಿಗೂ ಫ್ರೇಮಿನ ಪ್ರಭಾವ ಕಮ್ಮಿ ಆಗುತ್ತೆ.

ಆಮೇಲೆ ಬಂದ ಕಲಿಯುವ ಪ್ರೋಗ್ರಾಮುಗಳಿಗೆ ಬೇರೆ ಕಷ್ಟ. ಕಲಿಯೋಕೆ ಜೋಡಿ ಫೋಟೋ ಬೇಕು, ಒಂದರಲ್ಲಿ ಕನ್ನಡಕ ಇರಬೇಕು, ಒಂದರಲ್ಲಿ ಇರಬಾರದು, ಉಳಿದದ್ದೆಲ್ಲ ಕೂದಲೆಳೆ ವ್ಯತ್ಯಾಸ ಇಲ್ಲದೆ ಒಂದೇ ಇರಬೇಕು. ಜೀವಂತ ಮನುಷ್ಯ ಹಾಗೆ ಕೂರಲ್ಲ, ಕನ್ನಡಕ ತೆಗೆಯುವಾಗಲೇ ತಲೆ ಅಲ್ಲಾಡುತ್ತೆ. 2022ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ಸಂಶೋಧಕರು ಕಂಪ್ಯೂಟರಿನೊಳಗೆ ಮೂರು ಆಯಾಮದ ಮುಖಗಳಿಗೆ ಮೂರು ಆಯಾಮದ ಕನ್ನಡಕ ಹಾಕಿ, ಬೇಕಾದ ಜೋಡಿಗಳನ್ನ ತಾವೇ ತಯಾರಿಸಿಕೊಂಡ್ರು. ಅವರು ಹಿಡಿದ ಒಂದು ಮುಖ್ಯ ಅಂಶ ನೆರಳು. ಫ್ರೇಮು ಕೆನ್ನೆ ಮೇಲೆ ನೆರಳು ಹಾಕುತ್ತೆ. ಫ್ರೇಮ್ ಹೋಗಿ ನೆರಳು ಉಳಿದ್ರೆ ಮುಖದ ಮೇಲೆ ಕನ್ನಡಕದ ದೆವ್ವ ಕೂತ ಹಾಗಿರುತ್ತೆ. ಅದಕ್ಕೇ ಕನ್ನಡಕವನ್ನೂ ನೆರಳನ್ನೂ ಬೇರೆ ಬೇರೆಯಾಗಿ ಗುರುತಿಸಿ, ಎರಡನ್ನೂ ತೆಗೆಯೋ ಹಾಗೆ ಕಲಿಸಿದ್ರು.

ಚಾಕುವಿನಿಂದ ಇಲ್ಲಿವರೆಗೆ ಕೈಕೆಲಸ ತುಂಬಾ ಬದಲಾಗಿದೆ. ಬದಲಾಗದ್ದು ಒಂದೇ. ಪೂರ್ತಿ ಮುಚ್ಚಿಹೋದ ಜಾಗಕ್ಕೆ ಬರೋದು ಆ ವ್ಯಕ್ತಿಯ ಚರ್ಮ ಅಲ್ಲ, ಬೇರೆ ಎಲ್ಲಿಂದಲೋ ತಂದ ಒಂದು ನಂಬಬಹುದಾದ ಊಹೆ. ಊಹೆ ಯಾವಾಗಲೂ ಸಾಮಾನ್ಯವಾದದ್ದರ ಕಡೆ ವಾಲುತ್ತೆ. ಜೋತುಬಿದ್ದ ರೆಪ್ಪೆ, ಹುಬ್ಬಿನ ಗಾಯದ ಗುರುತು, ವರ್ಷಗಟ್ಟಲೆ ಕನ್ನಡಕ ಹಾಕಿ ಮೂಗಿನ ಎರಡು ಕಡೆ ಬಿದ್ದ ಕುಳಿ, ಇವೇ ಮೊದಲು ಮಾಯ ಆಗ್ತವೆ. ಒಬ್ಬರನ್ನ ಇನ್ನೊಬ್ಬರಿಂದ ಬೇರೆ ಮಾಡೋದು ಕೂಡ ಇವೇ.

ಗುರುತಿನ ಚೀಟಿಯ ವಿಷಯಕ್ಕೆ ಬಂದಾಗ ಸರ್ಕಾರಗಳು ಈ ಊಹೆಯನ್ನ ನಂಬಲ್ಲ. 2016ರ ನವೆಂಬರ್ 1ರಿಂದ ಅಮೆರಿಕದ ಪಾಸ್‌ಪೋರ್ಟ್ ಫೋಟೋಗೆ ಕನ್ನಡಕ ತೆಗೆದೇ ಕೂರಬೇಕು. ಫೋಟೋ ತೆಗೆದಾದ ಮೇಲೆ ಅಳಿಸೋದು ಅಲ್ಲ, ತೆಗೆಯೋಕೆ ಮುಂಚೆ ಕಳಚೋದು.

ಮನೆಯ ಹಿರಿಯರ ಫೋಟೋ ತೆಗೆಯುವಾಗ ನೀವೂ ಇದನ್ನೇ ಮಾಡಬಹುದು. ಅದೇ ಜಾಗ, ಅದೇ ಬೆಳಕು, ಕನ್ನಡಕ ಹಾಕಿ ಒಂದು, ತೆಗೆದು ಒಂದು. ಮುಂದೆ ಯಾರಾದ್ರೂ ಗಾಜಿನ ಹಿಂದಿನ ಕಣ್ಣು ಬೇಕು ಅಂದ್ರೆ, ಸಾಲ ತರಬೇಕಾಗಲ್ಲ, ಅವರದೇ ಕಣ್ಣು ಎರಡನೇ ಫೋಟೋದಲ್ಲಿರುತ್ತೆ. ಈಗಾಗಲೇ ಇರೋದು ಒಂದೇ ಹಳೇ ಫೋಟೋ ಅಂತಾದ್ರೆ, ತಿದ್ದಿದ ಪ್ರತಿಯ ಹಿಂಬದಿಯಲ್ಲಿ ಏನು ತಿದ್ದಿದ್ದು ಅಂತ ಬರೆದಿಟ್ಟು, ಮೂಲವನ್ನ ಜೋಪಾನ ಮಾಡಿ. ರೆಪ್ಪೆ ಹೇಗಿತ್ತು ಅಂತ ಗೊತ್ತಿರೋರು ಇರುವಾಗಲೇ ಅವರಿಗೆ ಒಮ್ಮೆ ತೋರಿಸಿ.